ಎಂಟಾಣೆ ಎಲ್ಲಿ ಹೋಯ್ತು? ಅಪ್ಪನ ಅಂಗಡಿ ಬಿಲ್ಲಿನ ಮೇಲೆ ಮೂರು ಲೆಕ್ಕ ಓಡಿಸಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ಅಂಗಡಿ ಬಿಲ್ ಕೂಡಿಸೋಕೆ ಸ್ಕ್ರಿಪ್ಟ್ ಬರೆಯುತ್ತಿದ್ದರೆ ದುಡ್ಡನ್ನು ಪೈಸೆಯಲ್ಲಿಡಿ, ಚುಕ್ಕಿ ಇಲ್ಲದ ಪೂರ್ತಿ ಸಂಖ್ಯೆಯಾಗಿಡಿ. ಪೈಥಾನ್‌ನಲ್ಲಿ ಫ್ಲೋಟ್, ಡೆಸಿಮಲ್, ಪೈಸೆ ಮೂರನ್ನೂ ಅಪ್ಪನ ಒಂದೇ ತಿಂಗಳ ಬಿಲ್ಲುಗಳ ಮೇಲೆ ಓಡಿಸಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಅಪ್ಪ ಶಿವಮೊಗ್ಗದಲ್ಲಿ ಟೈಲರ್. ಬ್ಲೌಸ್ ಕೆಲಸವೇ ಜಾಸ್ತಿ. ಹೊಲಿಗೆ ಕೂಲಿಯಲ್ಲಿ ಪೈಸೆಯ ತಕರಾರಿಲ್ಲ. ಲೈನಿಂಗ್, ನೆಟ್ ಬಟ್ಟೆ, ಲೇಸ್ ಕತ್ತರಿಸಿ ಕೊಟ್ಟಾಗ ಪೈಸೆ ಬರುತ್ತದೆ. ಅಪ್ಪ ಬಿಲ್ಲಿನ ಪ್ರತಿ ಸಾಲಿನಲ್ಲೂ ಪೂರ್ತಿ ರೂಪಾಯಿಯನ್ನೇ ಬರೆಯುತ್ತಾರೆ. "ಎಂಟಾಣೆ ಬಂದ್ರೆ ಮೇಲಕ್ಕೆ ಹಾಕು, ಕಮ್ಮಿ ಬಂದ್ರೆ ಬಿಟ್ಬಿಡು" ಅನ್ನೋದು ಅವರ ಲೆಕ್ಕ. ಜಿಎಸ್‌ಟಿ ಕಾನೂನಿನಲ್ಲಿ ತೆರಿಗೆ ಮೊತ್ತವನ್ನು ರೂಪಾಯಿಗೆ ಸರಿಮಾಡುವ ನಿಯಮವೂ ಇದೇ. 50 ಪೈಸೆಯೋ ಅದಕ್ಕಿಂತ ಜಾಸ್ತಿಯೋ ಇದ್ದರೆ ಒಂದು ರೂಪಾಯಿ, ಕಡಿಮೆ ಇದ್ದರೆ ಲೆಕ್ಕಕ್ಕಿಲ್ಲ.

ನಾನು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ರಜೆಯಲ್ಲಿ ಬಿಲ್ ಪುಸ್ತಕದ ಕಾರ್ಬನ್ ಪ್ರತಿಗಳನ್ನೆಲ್ಲ ಟೈಪ್ ಮಾಡಿ ಒಂದು ಸಿಎಸ್‌ವಿ ಫೈಲ್ ಮಾಡಿದೆ. ಮೊದಲು ಸ್ಪ್ರೆಡ್‌ಶೀಟ್‌ನಲ್ಲೇ ಕೂಡಿಸೋಣ ಅಂದುಕೊಂಡಿದ್ದೆ. ಅಲ್ಲಿ ಪೈಸೆ ಕಾಣದ ಹಾಗೆ ಫಾರ್ಮ್ಯಾಟ್ ಬದಲಿಸಿದರೆ 52.50 ಇರುವ ಎರಡು ಸಾಲು 53, 53 ಅಂತ ತೋರಿಸಿ, ಕೆಳಗೆ ಮೊತ್ತ 105 ಬರುತ್ತದೆ. ಪೈಸೆ ಕಣ್ಣಿಗೆ ಮರೆಯಾಗುತ್ತದೆ ಅಷ್ಟೇ, ಒಳಗೆ ಹಾಗೇ ಕೂತಿರುತ್ತದೆ. ಅದನ್ನು ಅಲ್ಲಿಗೇ ಬಿಟ್ಟೆ.

ಆಮೇಲೆ ಬರೆದದ್ದು ಫ್ಲೋಟ್ ಸ್ಕ್ರಿಪ್ಟ್. ಉದ್ದವನ್ನು ದರದಿಂದ ಗುಣಿಸು, `round` ಮಾಡು, ಕೂಡಿಸು. ಹತ್ತು ನಿಮಿಷದಲ್ಲಿ ಮುಗಿಯಿತು. ತಿಂಗಳ ಮೊತ್ತ ಅಪ್ಪನ ಪುಸ್ತಕಕ್ಕಿಂತ 17 ರೂಪಾಯಿ ಕಡಿಮೆ ಬಂತು.

ಅಪ್ಪ ಕನ್ನಡಕ ಹಣೆಗೇರಿಸಿ ನೋಡಿದರು. "ಪುಟ್ಟಿ, ನಾನು ಎರಡು ಸಲ ಕೂಡಿಸಿದೀನಿ. ನಿಂದೇ ಒಂದ್ಸಲ ನೋಡು."

ನಾನು ಟೈಪ್ ಮಾಡುವಾಗ ತಪ್ಪಿರಬೇಕು ಅಂದುಕೊಂಡೆ. ಪ್ರತಿ ಸಾಲಿಗೂ ಸ್ಕ್ರಿಪ್ಟಿನ ಉತ್ತರ ಮತ್ತು ಅಪ್ಪ ಬರೆದ ಮೊತ್ತ ಪಕ್ಕಪಕ್ಕ ಬರುವ ಹಾಗೆ ಮಾಡಿ, ಬೇರೆ ಬೇರೆ ಇರುವ ಸಾಲುಗಳನ್ನು ಮಾತ್ರ ತೆಗೆದೆ. ಸರಿಯಾಗಿ 17 ಸಾಲು. ಎಲ್ಲದರಲ್ಲೂ ವ್ಯತ್ಯಾಸ ಒಂದೇ ರೂಪಾಯಿ, ಎಲ್ಲದರಲ್ಲೂ ಸ್ಕ್ರಿಪ್ಟಿನದೇ ಕಡಿಮೆ. ಕೈಯಲ್ಲಿ ಗುಣಿಸಿ ನೋಡಿದರೆ ಎಲ್ಲವೂ ಎಂಟಾಣೆಗೆ ನಿಲ್ಲುವ ಸಾಲುಗಳು. ಟೈಪಿಂಗ್ ತಪ್ಪಾಗಿದ್ದರೆ ಹೆಚ್ಚು ಕಡಿಮೆ ಎರಡೂ ಇರುತ್ತಿತ್ತು, ಅಲ್ವಾ?

ಒಂದು ಸಾಲು ಹೀಗಿತ್ತು: ಲೈನಿಂಗ್ 75 ಸೆಂಟಿಮೀಟರ್, ಮೀಟರಿಗೆ 70 ರೂಪಾಯಿ, ಅಂದರೆ 52.50. ಅಪ್ಪ 53 ಬರೆದಿದ್ದರು, ಸ್ಕ್ರಿಪ್ಟ್ 52 ಅಂದಿತು. ಅದೇ ಲೈನಿಂಗ್ 1.25 ಮೀಟರ್ ಕೊಟ್ಟ ಸಾಲಿನಲ್ಲಿ 87.50 ಬಂದು, ಇಬ್ಬರದೂ 88. ಒಂದು ಎಂಟಾಣೆ ಕೆಳಗಿಳಿದಿದೆ, ಇನ್ನೊಂದು ಮೇಲೇರಿದೆ. ಪೈಥಾನ್ 3ರ `round` ಸರಿಯಾಗಿ ಅರ್ಧಕ್ಕೆ ಬಂದು ನಿಂತ ಸಂಖ್ಯೆಯನ್ನು ಹತ್ತಿರದ ಸಮ ಸಂಖ್ಯೆಗೆ ತಳ್ಳುತ್ತದೆ. 52 ಸಮ, ಹಾಗಾಗಿ ಕೆಳಗೆ. 88 ಸಮ, ಹಾಗಾಗಿ ಮೇಲೆ. ಇದು ಬೇಕೆಂದೇ ಮಾಡಿದ ನಿಯಮ. ತುಂಬಾ ಸಂಖ್ಯೆಗಳನ್ನು ಕೂಡಿಸಿದಾಗ ಒಂದೇ ಕಡೆ ವಾಲದಿರಲಿ ಅಂತ. ಆದರೆ ಅಪ್ಪನ ಗಿರಾಕಿಯ ಕೈಯಲ್ಲಿರುವ ಬಿಲ್ಲು ಆ ನಿಯಮದ್ದಲ್ಲ.

ಸರಿ, `round` ಬಿಟ್ಟು ಅರ್ಧ ಕೂಡಿಸಿ ಕೆಳಗಿಳಿಸುವ ಹಳೇ ಉಪಾಯ ಹಾಕಿದೆ. 17ರಲ್ಲಿ 14 ಸಾಲು ಸರಿಹೋದವು. ಮೂರು ಉಳಿದವು. ನನ್ನ ಎರಡು ಸಂಜೆ ತಿಂದದ್ದು ಆ ಮೂರೇ.

ಅವುಗಳಲ್ಲಿ ಒಂದು, ಬೆನ್ನಿಗೆ ಹಾಕುವ ನೆಟ್ ಬಟ್ಟೆ 35 ಸೆಂಟಿಮೀಟರ್, ಮೀಟರಿಗೆ 90 ರೂಪಾಯಿ. ಬಾಯಿಲೆಕ್ಕದಲ್ಲೇ 31.50. ಅಪ್ಪನದು 32.

```python
>>> 0.35 * 90
31.499999999999996
>>> int(0.35 * 90 + 0.5)
31
```

ಎಂಟಾಣೆಯೇ ಅಲ್ಲಿಲ್ಲ! 0.35 ಅನ್ನುವ ಸಂಖ್ಯೆಯನ್ನು ಕಂಪ್ಯೂಟರ್ ಎರಡರ ಭಾಗಗಳಲ್ಲಿ ಬರೆದುಕೊಳ್ಳುತ್ತದೆ: ಅರ್ಧ, ಕಾಲು, ಅರೆಕಾಲು, ಹೀಗೆ. 0.75 ಅಂದರೆ ಅರ್ಧ ಮತ್ತು ಕಾಲು, ಅದು ಸರಿಯಾಗಿ ಕೂರುತ್ತದೆ. 0.35 ಎಷ್ಟು ಒಡೆದರೂ ಪೂರ್ತಿ ಕೂರುವುದಿಲ್ಲ, ಕೂದಲೆಳೆಯಷ್ಟು ಕಡಿಮೆಯಾಗಿ ಉಳಿಯುತ್ತದೆ. 90ರಿಂದ ಗುಣಿಸಿದಾಗ ಆ ಕೊರತೆಯೂ ಬೆಳೆದು ಉತ್ತರ 31.50ರ ಹೊಸ್ತಿಲು ಮುಟ್ಟುವ ಮೊದಲೇ ನಿಲ್ಲುತ್ತದೆ. ಮಾಮೂಲಿ ಸಾಲುಗಳಲ್ಲಿ ಇದರಿಂದ ಏನೂ ಆಗದು. ಸರಿಯಾಗಿ ಎಂಟಾಣೆಗೆ ನಿಲ್ಲುವ ಸಾಲಿನಲ್ಲಿ ಒಂದು ರೂಪಾಯಿ ಹೋಗಬಹುದು.

ಡೆಸಿಮಲ್ ಇದಕ್ಕೆ ಒಳ್ಳೆಯ ಮದ್ದು. ಅದು ನಮ್ಮ ಹಾಗೆ ಹತ್ತರ ಲೆಕ್ಕದಲ್ಲೇ ಇಟ್ಟುಕೊಳ್ಳುತ್ತದೆ. ಆದರೆ ಎರಡು ವಿಷಯ ನೆನಪಿರಬೇಕು. ಸಂಖ್ಯೆಯನ್ನು ಕೋಟ್ ಒಳಗೆ `Decimal("0.35")` ಅಂತಲೇ ಕೊಡಬೇಕು. ಅಭ್ಯಾಸಬಲದಿಂದ ನಾನು ಮೊದಲು ಫ್ಲೋಟ್ ಮಾಡಿಕೊಂಡು ಆಮೇಲೆ ಡೆಸಿಮಲ್‌ಗೆ ಹಾಕಿದ್ದೆ, ಅದೇ 31 ಬಂತು. ಕೊರತೆ ಆಗಲೇ ಒಳಗೆ ಬಂದಾಗಿರುತ್ತದೆ. ಎರಡನೆಯದು, ಡೆಸಿಮಲ್ ಕೂಡ ಹೇಳದಿದ್ದರೆ ಅರ್ಧವನ್ನು ಸಮ ಸಂಖ್ಯೆಗೇ ತಳ್ಳುತ್ತದೆ. ಅಪ್ಪನ ಲೆಕ್ಕ ಬೇಕಿದ್ದರೆ `ROUND_HALF_UP` ಅಂತ ನಾವೇ ಬರೆಯಬೇಕು. ಎರಡನ್ನೂ ಸರಿಮಾಡಿದ ಮೇಲೆ ಮೊತ್ತ ಪುಸ್ತಕಕ್ಕೆ ತಾಳೆಯಾಯಿತು. ಬಡ್ಡಿ, ಶೇಕಡಾವಾರು ಲೆಕ್ಕ ಜಾಸ್ತಿ ಇರುವವರಿಗೆ ನಾನೂ ಇದನ್ನೇ ಹೇಳುತ್ತೇನೆ.

ನಮ್ಮ ಅಂಗಡಿಗೆ ಮಾತ್ರ ಪೈಸೆಯೇ. ಅಪ್ಪ ಬಟ್ಟೆ ಅಳೆಯುವಾಗ ಟೇಪನ್ನು ತಿರುಗಿಸಿ ಸೆಂಟಿಮೀಟರ್ ಬದಿಯಲ್ಲಿ ಹಿಡಿಯುತ್ತಾರೆ. ಮೈ ಅಳತೆಗೆ ಇಂಚು, ಬಟ್ಟೆಗೆ ಸೆಂಟಿಮೀಟರ್. ಬಿಲ್ಲಿನಲ್ಲೂ "ನೆಟ್ 35" ಅಂತಲೇ ಇರುತ್ತದೆ. ಅದನ್ನು 0.35 ಮಾಡಿ ಚುಕ್ಕಿ ತಂದವಳು ನಾನು. ಸೆಂಟಿಮೀಟರನ್ನು ಹಾಗೇ ಇಟ್ಟು, ಮೀಟರಿನ ದರವನ್ನು ಪೈಸೆ ಮಾಡಿದರೆ ಚುಕ್ಕಿಯೇ ಬೇಡ:

```python
def rupayi(cm, paise):
    return (cm * paise + 5000) // 10000
```

35 ಗುಣಿಸು 9000, ಅಂದರೆ 3,15,000. ಇಲ್ಲಿ ಒಂದು ರೂಪಾಯಿ ಅಂದರೆ 10,000, ಎಂಟಾಣೆ ಅಂದರೆ 5,000. ಎಂಟಾಣೆ ಕೂಡಿಸಿದರೆ 3,20,000, ಭಾಗಿಸಿದರೆ 32. ಲೈನಿಂಗ್ ಸಾಲುಗಳು 53 ಮತ್ತು 88. ಪೈಥಾನಿನ ನಿಯಮವಲ್ಲ, ಅಪ್ಪ ಬಾಯಲ್ಲಿ ಹೇಳಿದ ನಿಯಮವೇ ಆ ಒಂದು ಸಾಲಿನಲ್ಲಿದೆ.

ಇದಕ್ಕೂ ಎರಡು ಕೊರತೆ ಇದೆ. ಹಳೇ ಬಿಲ್ಲಿನಲ್ಲಿ 1.15 ಮೀಟರ್ ಅಂತಿದ್ದರೆ `int(1.15 * 100)` ಮಾಡಬೇಡಿ, 114 ಬರುತ್ತದೆ. ಚುಕ್ಕಿಯ ಆಚೆ ಈಚೆ ಇರುವ ಅಂಕಿಗಳನ್ನು ಅಕ್ಷರದ ಹಾಗೆ ಬೇರೆ ಮಾಡಿಕೊಳ್ಳಿ. ಇನ್ನೊಂದು, ಬಟ್ಟೆ ವಾಪಸ್ ಬಂದಾಗ ಉದ್ದವನ್ನು ಮೈನಸ್ ಮಾಡಿ ಕೊಟ್ಟರೆ 53 ತೆಗೆದುಕೊಂಡಿದ್ದ ಲೈನಿಂಗಿಗೆ 52 ಮಾತ್ರ ವಾಪಸ್ ಹೋಗುತ್ತದೆ. ನಾನು ಮೊದಲು ರೂಪಾಯಿ ಮಾಡಿಕೊಂಡು, ಮೈನಸ್ ಆಮೇಲೆ ಹಾಕುತ್ತೇನೆ.

ಮಾರನೇ ದಿನ ತಾಳೆಯಾದ ಮೊತ್ತ ತೋರಿಸಿದಾಗ ಅಪ್ಪ ಸೀಮೆಸುಣ್ಣದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಆ 17 ಸಾಲನ್ನೂ ಒಂದೊಂದಾಗಿ ಓದಿದರು. ಆಮೇಲೆ ಹೋದ ತಿಂಗಳ ಬಿಲ್ ಪುಸ್ತಕ ತೆಗೆದು ನನ್ನ ಮುಂದಿಟ್ಟರು.