ಪಿಎಸ್4 ಕಂಟ್ರೋಲರ್‌ನ ಬದಲಿ ಬ್ಯಾಟರಿ: ಒಂದೂವರೆ ವರ್ಷದ ಬಳಕೆಯ ನಂತರ

★★★★☆

ಪಿಎಸ್4ರ ಡ್ಯುಯಲ್‌ಶಾಕ್ 4 ಕಂಟ್ರೋಲರ್‌ಗೆ ಹಾಕಿದ ಈ 1000 ಎಂಎಎಚ್ ಬ್ಯಾಟರಿ ಒಂದೂವರೆ ವರ್ಷವಾದರೂ ಉಬ್ಬದೆ ಚಪ್ಪಟೆಯಾಗಿಯೇ ಇದೆ. ಒಂದು ಸ್ಟಾರ್ ಕಳೆದದ್ದು, ಯಾವ ಮಾಡೆಲ್‌ನ ಪ್ಲಗ್ ಎಂದು ಪೊಟ್ಟಣದ ಮೇಲೆ ಬರೆಯದೇ ಇರುವುದಕ್ಕೆ.

ಅದೇ ಮುಖ್ಯ ವಿಷಯ. ಮೂಲ ಬ್ಯಾಟರಿಯ ಮೇಲೆ LIP1522 ಎಂದಿರುತ್ತದೆ, 1000 ಎಂಎಎಚ್. ಆದರೆ CUH-ZCT1 ಕಂಟ್ರೋಲರ್‌ನ ಪ್ಲಗ್ ದೊಡ್ಡದು, CUH-ZCT2ರದ್ದು ಚಿಕ್ಕದು. ಕಂಟ್ರೋಲರ್‌ನ ಹಿಂಬದಿಯ ಲೇಬಲ್ ಓದಿಯೇ ಕೊಳ್ಳಿ. ಇದೇ ಅಳತೆಯಲ್ಲಿ 2000, 3000 ಎಂದು ಬರೆದಿರುವುದನ್ನು ನಂಬಬೇಡಿ. ಅಷ್ಟು ಜಾಗದಲ್ಲಿ ಎರಡು ಮೂರು ಪಟ್ಟು ಶಕ್ತಿ ಹಿಡಿಯುವುದಿಲ್ಲ. ಹಿಡಿಯಬೇಕಾದರೆ ಬ್ಯಾಟರಿ ದಪ್ಪಗಿರಬೇಕು, ಆಗ ಮುಚ್ಚಳ ಅದನ್ನು ಒತ್ತುತ್ತದೆ.

ಪ್ಲಗ್ ಕೂತರೂ ಸಾಲದು. ಕೆಲವು ಬದಲಿ ಬ್ಯಾಟರಿಗಳಲ್ಲಿ ಕೆಂಪು, ಕಪ್ಪು ತಂತಿಗಳು ಅದಲುಬದಲಾಗಿರುತ್ತವೆ. ಹಾಕಿದ ಕ್ಷಣವೇ ಬೋರ್ಡ್ ಸುಡಬಹುದು. ಹಳೆಯದರ ಪಕ್ಕದಲ್ಲಿಟ್ಟು ನೋಡಿ, ಮಲ್ಟಿಮೀಟರ್‌ನಿಂದ ಪ್ಲಸ್ ಯಾವ ಕಡೆ ಎಂದು ಖಚಿತಪಡಿಸಿಕೊಳ್ಳಿ. ಹೊಸ ಬ್ಯಾಟರಿ 3 ವೋಲ್ಟ್‌ಗಿಂತ ಕೆಳಗೆ ತೋರಿಸಿದರೆ ವಾಪಸ್ ಕೊಡಿ.

ಹಳೆಯ ಬ್ಯಾಟರಿ ಉಬ್ಬಿದೆ ಎಂದು ತಿಳಿಯುವುದು ಹೇಗೆ? ಕಂಟ್ರೋಲರ್‌ನ ಎರಡು ಹೋಳುಗಳ ನಡುವೆ ಸಂದು ಬಿಡುತ್ತದೆ. ಹೊರತೆಗೆದು ಮೇಜಿನ ಮೇಲಿಟ್ಟರೆ ಬ್ಯಾಟರಿ ಬುಗುರಿಯಂತೆ ಸುತ್ತುತ್ತದೆ. ಒಳಗಿನ ಎಲೆಕ್ಟ್ರೊಲೈಟ್ ಒಡೆದು ಅನಿಲವಾಗಿರುವುದೇ ಕಾರಣ. ಅದು ಮತ್ತೆ ಇಳಿಯುವುದಿಲ್ಲ. ಸಂದು ಕಂಡ ದಿನವೇ ಚಾರ್ಜ್ ಹಾಕುವುದನ್ನು ನಿಲ್ಲಿಸಿ.

ಬಿಚ್ಚುವಾಗ ಹಿಂದಿನ ನಾಲ್ಕು ಸ್ಕ್ರೂ ತೆಗೆದು, ಹಿಡಿಕೆಗಳ ಕಡೆಯಿಂದ ನಿಧಾನಕ್ಕೆ ತೆರೆಯಿರಿ. ಎರಡೂ ಹೋಳುಗಳನ್ನು ತೆಳು ರಿಬ್ಬನ್ ಒಂದು ಸೇರಿಸಿರುತ್ತದೆ, ಜಗ್ಗಿದರೆ ಹರಿಯುತ್ತದೆ. ಟ್ರಿಗರ್‌ನ ಸ್ಪ್ರಿಂಗ್ ಹಾರಬಹುದು, ಬಟ್ಟೆ ಹಾಸಿ ಕೂರಿ. ಬ್ಯಾಟರಿಯ ಪ್ಲಗ್ಗನ್ನೇ ಹಿಡಿದು ಅತ್ತಿತ್ತ ಅಲುಗಿಸುತ್ತಾ ಎಳೆಯಿರಿ, ತಂತಿ ಹಿಡಿಯಬೇಡಿ.

ಉಬ್ಬಿದ ಬ್ಯಾಟರಿ ಪ್ಲಾಸ್ಟಿಕ್ ತೊಟ್ಟಿಲಲ್ಲಿ ಬಿಗಿದುಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಲೇಬೇಡಿ. ತುದಿ ಚುಚ್ಚಿದರೆ ಒಳಪದರಗಳು ಒಂದಕ್ಕೊಂದು ತಗುಲಿ ಬೆಂಕಿ ಹತ್ತುತ್ತದೆ. ತೊಟ್ಟಿಲ ಸಮೇತ ಎತ್ತಿಬಿಡಿ, ತೊಟ್ಟಿಲು ಬೇರೆ ಸಿಗುತ್ತದೆ. ನೇಲ್‌ಪಾಲಿಶ್ ರಿಮೂವರ್‌ನಂಥ ಸಿಹಿ ವಾಸನೆ ಬಂದರೆ ಸೋರುತ್ತಿದೆ ಎಂದರ್ಥ: ಕಿಟಕಿ ತೆರೆಯಿರಿ, ಬರಿಗೈಯಲ್ಲಿ ಮುಟ್ಟಬೇಡಿ.

ಹಳೆಯದರ ಪ್ಲಗ್‌ಗೆ ಇನ್ಸುಲೇಷನ್ ಟೇಪ್ ಸುತ್ತಿ, ಒಣಮರಳು ತುಂಬಿದ ಮಣ್ಣಿನ ಕುಂಡದಲ್ಲಿ, ಮನೆಯ ಹೊರಗೆ ನೆರಳಿನಲ್ಲಿಡಿ. ಕಸದ ಗಾಡಿಗೂ ಗುಜರಿಗೂ ಹಾಕಬೇಡಿ. ಅಲ್ಲಿ ಜಜ್ಜಿಹೋದರೆ ಹೊತ್ತಿಕೊಳ್ಳುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರವೂ ಇದನ್ನು ಬೇರೆ ಕಸದಿಂದ ಬೇರ್ಪಡಿಸಿ ಸಂಗ್ರಹ ಕೇಂದ್ರಕ್ಕೋ ಮರುಬಳಕೆದಾರರಿಗೋ ಕೊಡಬೇಕು. ಕೊಡುವಾಗ ಉಬ್ಬಿದ್ದು ಎಂದು ಬಾಯಿಬಿಟ್ಟು ಹೇಳಿ.

ಹೊಸದನ್ನು ಮೊದಲ ಸಲ ಚಾರ್ಜ್ ಮಾಡುವಾಗ ಪಕ್ಕದಲ್ಲೇ ಇರಿ. ಬೆಚ್ಚಗಾದರೆ ಸರಿ, ಕೈಗೆ ಬಿಸಿ ತಾಕಿದರೆ ಕೇಬಲ್ ಕಿತ್ತುಬಿಡಿ.