ಆದ್ಯತಾ ಷೇರೋ, ಈಕ್ವಿಟಿ ಷೇರೋ?

ದಾವಣಗೆರೆಯಲ್ಲಿ ನಿಮ್ಮ ಬಂಧುಗಳು ನಡೆಸುವ ಗಿರಣಿ ಕಂಪನಿಯಲ್ಲಿ ಯಾವ ಷೇರು ಕೊಳ್ಳಬೇಕೆಂದು ಕೇಳಿದ್ದೀರಿ. ಲಾಭಾಂಶ ಘೋಷಣೆಯಾದಾಗ ಆದ್ಯತಾ ಷೇರಿಗೆ ಗೊತ್ತುಪಡಿಸಿದ ದರದಲ್ಲಿ ಮೊದಲು ಸಲ್ಲುತ್ತದೆ. ಆದರೆ ಲಾಭಾಂಶ ತಪ್ಪಿದ ವರ್ಷದ ಬಾಕಿ ಮುಂದಕ್ಕೆ ಸೇರುವುದು ಷೇರು ‘ಸಂಚಿತ’ ಬಗೆಯದಾಗಿದ್ದರೆ ಮಾತ್ರ, ಆದ್ದರಿಂದ ಷೇರಿನ ಷರತ್ತುಗಳಲ್ಲಿ ಆ ಪದವನ್ನು ಹುಡುಕಿ ನೋಡಿ.

ಎಲ್ಲ ನಿರ್ಣಯಗಳ ಮೇಲೂ ಮತ ಚಲಾಯಿಸುವ ಹಕ್ಕು ಈಕ್ವಿಟಿ ಷೇರುದಾರರದು. ಆದ್ಯತಾ ಷೇರುದಾರರಿಗೆ ಸಾಮಾನ್ಯವಾಗಿ ತಮ್ಮ ಹಕ್ಕನ್ನು ನೇರವಾಗಿ ತಟ್ಟುವ ನಿರ್ಣಯ, ಕಂಪನಿಯನ್ನು ಮುಚ್ಚುವ ಸಮಾಪನ, ಬಂಡವಾಳ ಕಡಿತದಂಥವುಗಳಲ್ಲಷ್ಟೇ ಮತವಿರುತ್ತದೆ. ಎರಡು ವರ್ಷ ಲಾಭಾಂಶ ಬಾರದಿದ್ದರೆ ಎಲ್ಲದರಲ್ಲೂ ಸಿಗುತ್ತದೆ.

ಸಮಾಪನದಲ್ಲಿ ಆಸ್ತಿ ಮಾರಿ 50 ಲಕ್ಷ ರೂಪಾಯಿ ಬಂದು, ಖರ್ಚು ಮತ್ತು ಸಾಲಕ್ಕೆ 38 ಲಕ್ಷ ಹೋಯಿತೆನ್ನಿ. ಉಳಿದ 12 ಲಕ್ಷದಲ್ಲಿ ಆದ್ಯತಾ ಬಂಡವಾಳದ 10 ಲಕ್ಷ ಪೂರ್ತಿ ಮರಳಿದರೆ, 20 ಲಕ್ಷ ಹಾಕಿದ ಈಕ್ವಿಟಿಯವರಿಗೆ ಉಳಿಯುವುದು 2 ಲಕ್ಷ, ಅಂದರೆ ರೂಪಾಯಿಗೆ ಹತ್ತು ಪೈಸೆ. ಸಾಲವೇ 50 ಲಕ್ಷವಾಗಿದ್ದರೆ ಇಬ್ಬರಿಗೂ ಏನೂ ಇಲ್ಲ.

ನಿಗದಿತ ವರಮಾನ ನೆಚ್ಚುವವರಿಗೆ ಸಂಚಿತ ಆದ್ಯತಾ ಷೇರು ಹೊಂದುತ್ತದೆ. ಆಡಳಿತದಲ್ಲಿ ಮಾತು ನಡೆಯಬೇಕು, ಗಿರಣಿ ಬೆಳೆದರೆ ಹೆಚ್ಚಿನ ಪಾಲೂ ಬೇಕು ಎನ್ನುವವರಿಗೆ ಈಕ್ವಿಟಿ.