ಲೇಬಲ್ ಮೇಲಿನ ಅಜ್ಜಿ ಯಾರು? ಎಐ ಚಿತ್ರ ಪ್ರಿಂಟಿಗೆ ಕಳಿಸುವ ಮುನ್ನ ನೋಡಿಕೊಳ್ಳಿ

ಮುರುಗಲು ಸಿರಪ್, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುವವರು ಶಿರಸಿ, ಸಿದ್ದಾಪುರ, ಕುಮಟಾ ಕಡೆ ಬಹಳ ಜನ ಇದ್ದೀರಿ. ಲೇಬಲ್ ಕೆಲಸವನ್ನು ಹೊರಗಿನವರಿಗೆ ಕೊಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮಗಾದ ನಷ್ಟ ನಿಮಗೆ ಆಗುವುದು ಬೇಡ.

ನಮ್ಮದು ಶಿರಸಿಯಲ್ಲಿ ಮುರುಗಲು ಸಿರಪ್ ಮಾಡುವ ಸಣ್ಣ ಘಟಕ. ಹೊಸ ಬಾಟಲಿಗೆ ಹೊಸ ಲೇಬಲ್ ಬೇಕು ಅಂತ ಬೇರೆ ಊರಿನ ಡಿಸೈನರ್ ಒಬ್ಬರಿಗೆ ಹೇಳಿದ್ದೆವು. ಕಾಡು, ಮುರುಗಲು ಹಣ್ಣು, ಹಣ್ಣು ಆರಿಸುವ ಹಾಲಕ್ಕಿ ಸಮುದಾಯದ ಅಜ್ಜಿ, ಇದು ನಾವು ಕೇಳಿದ್ದು. ಬಂದ ಚಿತ್ರ ಚೆನ್ನಾಗಿತ್ತು. ಕುತ್ತಿಗೆ ತುಂಬ ಮಣಿಸರ, ಸುಕ್ಕುಗಟ್ಟಿದ ಮುಖ, ಕೈಯಲ್ಲಿ ಬುಟ್ಟಿ. ಕೈಯಲ್ಲಿ ಬಿಡಿಸಿದ್ದು ಅಂತಲೇ ತಿಳಿದೆವು. ಬಿಲ್ಲಿನಲ್ಲೂ 'ಚಿತ್ರ ರಚನೆ' ಅಂತ ಇತ್ತು. ಎಐ ಎಂಬ ಮಾತು ಎಲ್ಲೂ ಬರಲಿಲ್ಲ.

ಅಂಕೋಲಾದ ಅಂಗಡಿಯವರು ಬಾಕ್ಸ್ ಬಿಚ್ಚಿದ ಕೂಡಲೇ ಫೋನ್ ಮಾಡಿದರು. "ಅಕ್ಕಾ, ಇದು ನಮ್ಮ ತುಳಸಜ್ಜಿ ಅಲ್ವಾ? ಅವರ ಮನೆಯವರನ್ನು ಕೇಳಿದ್ರಾ?" ಹೊನ್ನಳ್ಳಿಯ ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಸಾವಿರಾರು ಗಿಡ ಬೆಳೆಸಿದ ಹಿರಿಯರ ಮುಖ ಹೋಲುವ ಚಿತ್ರ ನಮ್ಮ ಸಿರಪ್ ಬಾಟಲಿಯ ಮೇಲೆ! ಆ ಮಾತು ಕೇಳಿ ನನಗೆ ತುಂಬಾ ಸಂಕಟವಾಯಿತು. ಡಿಸೈನರ್‌ಗೆ ಫೋನ್ ಮಾಡಿದಾಗ, ಚಿತ್ರ ಎಐಯಿಂದ ಮಾಡಿದ್ದು, ಆದರೆ ಯಾರ ಫೋಟೋವನ್ನೂ ಹಾಕಿಲ್ಲ ಅಂದರು. ಹಾಲಕ್ಕಿ, ಅಜ್ಜಿ, ಕಾಡು, ಮಣಿಸರ ಅಂತ ಬರೆದಿದ್ದು ಅಷ್ಟೇ.

ಅವರ ಮಾತು ನಿಜವೇ ಇರಬಹುದು. ತೊಂದರೆಯ ಬೇರು ಕೂಡ ಅಲ್ಲೇ ಇದೆ. ಈ ಸಾಧನಗಳು ಕಲಿಯುವುದು ಹೆಸರು, ವಿವರ ಇರುವ ಚಿತ್ರಗಳಿಂದ. 'ಅಜ್ಜಿ' ಅಂತ ಮಾತ್ರ ಬರೆದರೆ ಲಕ್ಷಾಂತರ ಮುಖಗಳ ಬೆರಕೆ ಬರುತ್ತದೆ. ಆದರೆ 'ಹಾಲಕ್ಕಿ' ಎಂಬ ಪದದ ಜೊತೆ ಇಂಟರ್ನೆಟ್‌ನಲ್ಲಿ ಇರುವ ಚಿತ್ರಗಳೇ ಕಡಿಮೆ. ಅದರಲ್ಲೂ ಮತ್ತೆ ಮತ್ತೆ ಕಾಣುವುದು ಪದ್ಮಶ್ರೀ ಪಡೆದ ತುಳಸಿ ಗೌಡರು ಮತ್ತು ಸುಕ್ರಿ ಬೊಮ್ಮಗೌಡರು. 2021ರ ನವೆಂಬರಿನಲ್ಲಿ ತುಳಸಿ ಗೌಡರು ಬರಿಗಾಲಲ್ಲಿ ಪ್ರಶಸ್ತಿ ಪಡೆದ ಫೋಟೋ ದೇಶವೆಲ್ಲ ಹರಡಿತ್ತು. ಹಾಗಾಗಿ ಹೆಸರು ಹೇಳದಿದ್ದರೂ ಮುಖ ಆ ಕಡೆ ವಾಲುತ್ತದೆ. ಸಣ್ಣ ಸಮುದಾಯ, ಅಪರೂಪದ ಉಡುಗೆ, ಜೊತೆಗೆ ಕಾಡು ಅಥವಾ ಗಿಡ ಅಂತ ಸೇರಿಸಿದಷ್ಟೂ ಅಪಾಯ ಜಾಸ್ತಿ. ಸಿದ್ದಿ ಅಥವಾ ಕುಣಬಿ ಜನರ ಚಿತ್ರ ಕೇಳಿದರೂ ಇದೇ ಎಚ್ಚರ ಬೇಕು.

ಇದನ್ನು ಮೊದಲೇ ಪತ್ತೆ ಮಾಡುವುದು ಹೇಗೆ? ಗೂಗಲ್ ಲೆನ್ಸ್‌ಗೆ ಇಡೀ ಚಿತ್ರ ಹಾಕಿದೆ. ಸೀರೆ ಮತ್ತು ಮಣಿಸರದ ಚಿತ್ರಗಳು ಬಂದವು, ಮುಖದ ಸುಳಿವು ಇಲ್ಲ. ಟಿನ್‌ಐ ಎಂಬ ಚಿತ್ರ ಹುಡುಕುವ ತಾಣ ಹುಡುಕುವುದು ಅದೇ ಚಿತ್ರದ ನಕಲನ್ನು, ಹೋಲುವ ಮುಖವನ್ನಲ್ಲ. ಹೊಸದಾಗಿ ಹುಟ್ಟಿದ ಚಿತ್ರ ಅಲ್ಲಿ ಸಿಗುವುದೇ ಇಲ್ಲ. 'ಏನೂ ಸಿಗಲಿಲ್ಲ' ಅಂತ ಬಂದರೆ ನಂಬಬೇಡಿ. ಮುಖದ ಭಾಗ ಮಾತ್ರ ಕತ್ತರಿಸಿ ಇನ್ನೊಮ್ಮೆ ಹುಡುಕಿ. ಆಮೇಲೆ ಆ ಚಿತ್ರ ಯಾವ ಸೀಮೆಯದೋ ಆ ಸೀಮೆಯ ನಾಲ್ಕೈದು ಜನರಿಗೆ ತೋರಿಸಿ. "ಇದು ತುಳಸಿ ಗೌಡರ ಹಾಗೆ ಇದೆಯಾ?" ಅಂತ ಕೇಳಬೇಡಿ, ಹೆಸರು ಕಿವಿಗೆ ಬಿದ್ದರೆ ಕಣ್ಣು ಅದನ್ನೇ ಕಾಣುತ್ತದೆ. "ಇವರು ಯಾರ ಹಾಗೆ ಕಾಣ್ತಾರೆ?" ಅಂತ ಮಾತ್ರ ಕೇಳಿ. ಇಬ್ಬರು ಒಂದೇ ಹೆಸರು ಹೇಳಿದರೆ ಆ ಚಿತ್ರ ಬಿಟ್ಟುಬಿಡಿ. ಶಿರಸಿಯಲ್ಲಿ ನೋಡಿದವರಿಗೆ ಯಾರಿಗೂ ಹೊಳೆಯದ್ದು ಅಂಕೋಲಾದಲ್ಲಿ ಒಂದು ಕ್ಷಣದಲ್ಲಿ ಹೊಳೆಯಿತು.

ಕಾನೂನಿನ ಮಾತು ಸ್ವಲ್ಪ ಹೇಳುತ್ತೇನೆ. ಬದುಕಿರುವ ಪ್ರಸಿದ್ಧರ ವಿಷಯದಲ್ಲಿ ಕೋರ್ಟುಗಳು ಬಿಗಿಯಾಗಿವೆ. 2023ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟ್ ನಟ ಅನಿಲ್ ಕಪೂರ್ ಅವರ ಮುಖ, ದನಿ, ಹೆಸರನ್ನು ಒಪ್ಪಿಗೆ ಇಲ್ಲದೆ ವ್ಯಾಪಾರಕ್ಕೆ ಬಳಸುವುದನ್ನು ತಡೆಯಿತು. ಎಐಯಿಂದ ಮಾಡಿದ್ದೂ ಅದರಲ್ಲಿ ಸೇರಿತ್ತು. ತೀರಿಕೊಂಡವರ ಬಗ್ಗೆ ಅದೇ ವರ್ಷ ಅದೇ ಹೈಕೋರ್ಟ್, ಸುಶಾಂತ್ ಸಿಂಗ್ ರಜಪೂತ್ ಅವರ ತಂದೆಯ ಅರ್ಜಿಯಲ್ಲಿ, ಇಂಥ ಹಕ್ಕು ವ್ಯಕ್ತಿಯ ಜೊತೆಗೇ ಮುಗಿಯುತ್ತದೆ ಎಂದಿತು. ಹಾಗಂತ ಹಾಕಿಬಿಡಬಹುದಾ? ಖಂಡಿತ ಇಲ್ಲ. ಗ್ರಾಹಕರು ಅದನ್ನು 'ತುಳಸಜ್ಜಿ ಒಪ್ಪಿದ ಸಿರಪ್' ಅಂತ ತಿಳಿದರೆ ಅದು ಸುಳ್ಳು. ಮನೆಯವರಿಗೂ ನೋವು. ನಾವು ಬಾಟಲಿಗಳನ್ನು ವಾಪಸ್ ತರಿಸಿ, ಲೇಬಲ್ ರೋಲ್ ಪೂರ್ತಿ ಹರಿದು ಹಾಕಿದೆವು.

ಹರಿಯುವ ಮುಂಚೆ ಉಳಿದ ಭಾಗವನ್ನೂ ದೊಡ್ಡದು ಮಾಡಿ ನೋಡಿದೆ. ಆಗ ಎರಡನೆಯದು ಕಂಡಿತು. ಮೂಲೆಯಲ್ಲಿ ಹಸಿರು ದುಂಡು ಮುದ್ರೆ, ಒಳಗೆ ಎಲೆ, ಸುತ್ತ ಅರ್ಥವಿಲ್ಲದ ಅಕ್ಷರಗಳು. ಸಾವಯವ ಪದಾರ್ಥಕ್ಕೆ ಹಾಕುವ ಸರ್ಕಾರಿ ಮುದ್ರೆಯ ಹತ್ತಿರವೇ ಇತ್ತು. ಪ್ಯಾಕೆಟ್ ಚಿತ್ರಗಳಲ್ಲಿ ಇಂಥ ಮುದ್ರೆ ಸಾಮಾನ್ಯವಾದ್ದರಿಂದ ಸಾಧನ ಅದನ್ನೂ ಅಲಂಕಾರ ಅಂತ ಬಿಡಿಸಿಬಿಡುತ್ತದೆ. 'ಜೈವಿಕ್ ಭಾರತ್' ಎಂಬ ಆ ಸರ್ಕಾರಿ ಮುದ್ರೆ ಹಾಕಲು ಪ್ರಮಾಣಪತ್ರ ಬೇಕು. ನಮ್ಮ ಬಳಿ ಅದು ಇಲ್ಲ. ಅಕ್ಷರ ತಪ್ಪಾಗಿದೆ, ಆದ್ದರಿಂದ ಪರವಾಗಿಲ್ಲ ಅನ್ನುವ ಹಾಗಿಲ್ಲ. ಟ್ರೇಡ್‌ಮಾರ್ಕ್ ವಿಷಯದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಎಣಿಸುವುದಿಲ್ಲ. ಮೊದಲು ನೋಡಿದ್ದನ್ನು ಅರೆಬರೆ ನೆನಪಿಟ್ಟುಕೊಂಡ ಸಾಮಾನ್ಯ ಗ್ರಾಹಕ ಮೋಸ ಹೋಗುತ್ತಾನಾ ಅಂತ ನೋಡುತ್ತಾರೆ.

ಹಾಗಾಗಿ ಚಿತ್ರವನ್ನು 400 ಪ್ರತಿಶತ ದೊಡ್ಡದು ಮಾಡಿ, ಮೂಲೆಯಿಂದ ಮೂಲೆಗೆ ನೋಡಿ. ಬುಟ್ಟಿ, ಡಬ್ಬ, ಬಟ್ಟೆ, ಹಿಂದಿನ ಗೋಡೆ, ಎಲ್ಲಿ ಮುದ್ರೆಯಂಥದ್ದು ಕಂಡರೂ ಅದನ್ನಷ್ಟೇ ಕತ್ತರಿಸಿ ಲೆನ್ಸ್‌ಗೆ ಹಾಕಿ. ಲೋಗೋ ನಿಮ್ಮದೇ ಆಗಬೇಕಾದರೆ ಭಾರತದ ಟ್ರೇಡ್‌ಮಾರ್ಕ್ ಸಾರ್ವಜನಿಕ ಹುಡುಕಾಟದಲ್ಲೂ ನೋಡಿ. ಚಿತ್ರಗಳನ್ನು ಅಲ್ಲಿ ವಿಯೆನ್ನಾ ಕೋಡ್‌ನಿಂದ, ಅಂದರೆ ಚಿತ್ರದಲ್ಲಿ ಏನಿದೆ ಎಂಬುದಕ್ಕೆ ಕೊಟ್ಟ ಸಂಖ್ಯೆಯಿಂದ ಹುಡುಕುತ್ತಾರೆ. ಎಲೆಗೆ 5.3, ಹಣ್ಣಿಗೆ 5.7. ಸಿರಪ್, ಶರಬತ್ತು ಟ್ರೇಡ್‌ಮಾರ್ಕ್‌ನ 32ನೇ ವರ್ಗದಲ್ಲಿ ಬರುತ್ತವೆ. ಫಲಿತಾಂಶ ಉದ್ದ ಬರುತ್ತದೆ, ಆದರೂ ಕಣ್ಣಾಡಿಸಿ.

ಇಷ್ಟೆಲ್ಲ ಆಗಿದ್ದು ಎಐ ಬಳಸಿದ್ದಕ್ಕಲ್ಲ, ಅದನ್ನು ಹೇಳದೆ ಇದ್ದದ್ದಕ್ಕೆ. ಗೊತ್ತಿದ್ದರೆ ಮುಖವನ್ನು ಪ್ರಿಂಟಿಗೆ ಮುಂಚೆಯೇ ಊರಿನವರಿಗೆ ತೋರಿಸುತ್ತಿದ್ದೆವು. 'ಈಗ ಎಲ್ಲರೂ ಹೀಗೇ ಮಾಡ್ತಾರೆ' ಅಂತ ಡಿಸೈನರ್ ಅಂದಿದ್ದು ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ. ಬಾಟಲಿಯ ಮೇಲೆ ಇರುವುದು ನಮ್ಮ ಹೆಸರು, ದೂರು ಬರುವುದೂ ನಮಗೇ.

ನೀವೇ ಪರೀಕ್ಷಿಸಬೇಕಾದರೆ ಮೂಲ ಫೈಲ್ ಕೇಳಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಒಳಗಿನ ಮಾಹಿತಿ ಅಳಿಸಿಹೋಗುತ್ತದೆ. ಇಮೇಲ್ ಮಾಡಿಸಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಕಂಪ್ಯೂಟರ್ ಗೊತ್ತಿರುವ ಮಕ್ಕಳಿದ್ದರೆ, ಫೈಲಿನ ಒಳಗಿನ ಮಾಹಿತಿ ತೋರಿಸುವ exiftool ಎಂಬ ಸಾಧನವನ್ನು ಇನ್‌ಸ್ಟಾಲ್ ಮಾಡಿಸಿ ಈ ಕಮಾಂಡ್ ಹಾಕಿಸಿ:

```
exiftool -G1 -a label.png
```

`trainedAlgorithmicMedia` ಎಂಬ ಪದ ಕಂಡರೆ ಚಿತ್ರ ಎಐಯದು. ಕಾಣದಿದ್ದರೆ ಏನೂ ಸಾಬೀತಾಗಲಿಲ್ಲ, ಏಕೆಂದರೆ ಒಂದು ಸ್ಕ್ರೀನ್‌ಶಾಟ್ ತೆಗೆದರೂ ಆ ಗುರುತು ಹೋಗುತ್ತದೆ. ಆದ್ದರಿಂದ ಬರವಣಿಗೆಯಲ್ಲಿ ಉತ್ತರ ಪಡೆಯುವುದೇ ಗಟ್ಟಿ. ಈಗ ನಾವು ಮುಂಗಡ ಕೊಡುವ ಮೊದಲು ಡಿಸೈನರ್‌ಗೆ ಕಳಿಸುವ ಮಾತು ಇದು, ಬೇಕಾದವರು ಹಾಗೇ ಬಳಸಿಕೊಳ್ಳಿ:

"ಈ ಕೆಲಸದ ಯಾವ ಭಾಗ ಎಐಯಿಂದ ಮಾಡಿದ್ದು, ಯಾವ ಸಾಧನ, ಅದರ ಯಾವ ಪ್ಲಾನ್, ವ್ಯಾಪಾರಕ್ಕೆ ಬಳಸಲು ಆ ಪ್ಲಾನ್‌ನಲ್ಲಿ ಅನುಮತಿ ಇದೆಯೇ ಎಂದು ತಿಳಿಸಿ. ಎಐಗೆ ಬರೆದ ಸೂಚನೆ, ಅಂದರೆ ಪ್ರಾಂಪ್ಟ್, ಮತ್ತು ಹಾಕಿದ ಫೋಟೋಗಳನ್ನು ಮೂಲ ಫೈಲ್ ಜೊತೆ ಕೊಡಿ. ತಿಳಿಸದ ಎಐ ಚಿತ್ರದಿಂದ ಲೇಬಲ್ ವಾಪಸ್ ತರಿಸಬೇಕಾದರೆ ಮರುಮುದ್ರಣದ ಖರ್ಚು ನಿಮ್ಮದು."

ಹಳೆಯ ಡಿಸೈನರ್ ಇದಕ್ಕೆ ಒಪ್ಪಲಿಲ್ಲ. ಈಗ ಶಿರಸಿಯ ಕಲಾವಿದೆಯೊಬ್ಬರು ಬರೀ ಮುರುಗಲು ಕೊಂಬೆಯನ್ನು ಕೈಯಲ್ಲೇ ಬಿಡಿಸಿಕೊಟ್ಟಿದ್ದಾರೆ. ಲೇಬಲ್ ಮೇಲೆ ಯಾರ ಮುಖವೂ ಇಲ್ಲ.